ಸ್ಟ್ರೈಕ್ ಬಂದ ಮೇಲೆ: 7 ದಿನದ ಲೆಕ್ಕ ಬೇರೆ, 90 ದಿನದ ಲೆಕ್ಕ ಬೇರೆ

ಪ್ರಶ್ನೆ: ನಂದು ಕನ್ನಡ ಸಿನಿಮಾ ರಿವ್ಯೂ ಮಾಡುವ ಯೂಟ್ಯೂಬ್ ಚಾನೆಲ್. ಮಾರ್ಚ್ 10ಕ್ಕೆ ಒಂದು ವಾರ್ನಿಂಗ್ ಬಂದಿತ್ತು, ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಜೂನ್ 2ಕ್ಕೆ ಕಮ್ಯುನಿಟಿ ಗೈಡ್‌ಲೈನ್ಸ್ ಸ್ಟ್ರೈಕ್ ಬಂದಿದೆ. ವಿಡಿಯೊದಲ್ಲಿ ಏನೂ ಇಲ್ಲ, ಡಿಸ್ಕ್ರಿಪ್ಶನ್‌ನಲ್ಲಿ ‘ಫುಲ್ ಮೂವಿ ಇಲ್ಲಿದೆ’ ಅಂತ ಒಂದು ಟೆಲಿಗ್ರಾಂ ಲಿಂಕ್ ಇತ್ತು, ಅಷ್ಟೆ. ಒಬ್ಬರು ಒಂದು ವಾರಕ್ಕೆ ಹೋಗುತ್ತೆ ಅಂತಾರೆ, ಇನ್ನೊಬ್ಬರು ಮೂರು ತಿಂಗಳು ಅಂತಾರೆ. ವಿಡಿಯೊ ಡಿಲೀಟ್ ಮಾಡಿದರೆ ಹೋಗುತ್ತಾ? ಶುಕ್ರವಾರದ ರಿವ್ಯೂ ಶೆಡ್ಯೂಲ್ ಮಾಡಿಟ್ಟಿದ್ದೆ, ಅದರ ಗತಿ ಏನು? ಅಲ್ಲಿವರೆಗೆ ತಮ್ಮನ ಚಾನೆಲ್‌ನಲ್ಲಿ ಹಾಕಲೇ? ಮಾನಿಟೈಸೇಶನ್‌ಗೆ ಅರ್ಜಿ ಹಾಕೋದರಲ್ಲಿದ್ದೆ.

ಉತ್ತರ: ಮೊದಲು ಡಿಲೀಟ್ ಬಟನ್‌ನಿಂದ ಕೈ ತೆಗೆಯಿರಿ. ಡಿಲೀಟ್ ಮಾಡಿದರೆ ಸ್ಟ್ರೈಕ್ ಹೋಗುವುದಿಲ್ಲ. ಸ್ಟ್ರೈಕ್ ದಾಖಲಾಗುವುದು ಚಾನೆಲ್ ಮೇಲೆ, ಆದ್ದರಿಂದ ವಿಡಿಯೊ ಅಳಿಸಿದರೂ ಅದು ತನ್ನ ಅವಧಿ ಮುಗಿಯುವವರೆಗೆ ಇದ್ದೇ ಇರುತ್ತದೆ. ಅಳಿಸಿದರೆ ನಷ್ಟ ನಿಮಗೇ. ಮೇಲ್ಮನವಿ ಹಾಕಿದಾಗ ಮರುಪರಿಶೀಲಿಸಲು ಬೇಕಾದ ಸಾಕ್ಷಿಯೇ ಇಲ್ಲವಾಗುತ್ತದೆ, ಅಕಸ್ಮಾತ್ ತೀರ್ಪು ನಿಮ್ಮ ಪರವಾಗಿ ಬಂದರೂ ಮರಳಿ ಪಡೆಯಲು ವಿಡಿಯೊ ಇರುವುದಿಲ್ಲ.

ಒಂದು ವಾರ ಎಂದವರೂ ಮೂರು ತಿಂಗಳು ಎಂದವರೂ ಸುಳ್ಳು ಹೇಳಿಲ್ಲ, ಇಬ್ಬರೂ ಅರ್ಧರ್ಧ ಹೇಳಿದ್ದಾರೆ. ಒಂದು ಸ್ಟ್ರೈಕ್ ಬಂದಾಗ ಎರಡು ಅವಧಿಗಳು ಒಟ್ಟಿಗೇ ಶುರುವಾಗುತ್ತವೆ. ಮೊದಲನೆಯದು ನಿರ್ಬಂಧದ ಅವಧಿ. ಮೊದಲ ಸ್ಟ್ರೈಕ್‌ಗೆ ಇದು ಒಂದು ವಾರ, ಆ ವಾರ ನೀವು ಹೊಸದೇನನ್ನೂ ಪ್ರಕಟಿಸುವಂತಿಲ್ಲ. ಎರಡನೆಯದು ಸ್ಟ್ರೈಕ್‌ನ ಆಯುಸ್ಸು, ಅದು 90 ದಿನ. ವಾರ ಕಳೆದ ಮೇಲೆ ಅಪ್‌ಲೋಡ್ ಬಟನ್ ತಾನಾಗಿ ಮತ್ತೆ ಕೆಲಸ ಮಾಡುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಸ್ಟ್ರೈಕ್ ಇನ್ನೂ ಜೀವಂತವಾಗಿರುತ್ತದೆ. ಬಹಳ ಜನ ಎಡವುವುದು ಇಲ್ಲೇ: ಅಪ್‌ಲೋಡ್ ಆಗುತ್ತಿದೆ ಎಂದರೆ ಎಲ್ಲ ಸರಿಹೋಯಿತು ಎಂದುಕೊಂಡು, ಮೊದಲು ಮಾಡುತ್ತಿದ್ದುದನ್ನೇ ಮುಂದುವರಿಸುತ್ತಾರೆ.

ನಿಮ್ಮ ದಿನಾಂಕಗಳನ್ನೇ ಇಟ್ಟು ಲೆಕ್ಕ ಹಾಕೋಣ. ಜೂನ್ 2ಕ್ಕೆ ಸ್ಟ್ರೈಕ್ ಬಂದಿದೆ ಎಂದರೆ ನಿರ್ಬಂಧ ಜೂನ್ 9ರ ಹೊತ್ತಿಗೆ ಮುಗಿಯುತ್ತದೆ. 90 ದಿನ ಮುಗಿಯುವುದು ಆಗಸ್ಟ್ 31ಕ್ಕೆ. ಜೂನ್ 2ರಿಂದ ಜುಲೈ 2ಕ್ಕೆ 30 ದಿನ, ಆಗಸ್ಟ್ 1ಕ್ಕೆ 60, ಆಗಸ್ಟ್ 31ಕ್ಕೆ 90. ‘ಮೂರು ತಿಂಗಳು’ ಎಂದು ಬಾಯಿಲೆಕ್ಕ ಹಾಕಿದರೆ ಸೆಪ್ಟೆಂಬರ್ 2 ಬರುತ್ತದೆ, ಅದು ತಪ್ಪು. ನಮ್ಮ ಗಡಿಯಾರಕ್ಕೂ ಅವರ ಗಡಿಯಾರಕ್ಕೂ ಕೆಲವು ಗಂಟೆಗಳ ವ್ಯತ್ಯಾಸ ಬರಬಹುದು. ಹಾಗಾಗಿ ಕೊನೆಯ ದಿನ ಗಡಿಬಿಡಿ ಮಾಡದೆ ಯೂಟ್ಯೂಬ್ ಸ್ಟುಡಿಯೊ ತೋರಿಸುವ ದಿನಾಂಕವನ್ನೇ ನಂಬಿ. ಸ್ಟುಡಿಯೊದ Dashboard ಪುಟದಲ್ಲಿ Channel violations ಎಂಬ ಒಂದು ಕಾರ್ಡ್ ಇರುತ್ತದೆ. ಯಾವ ವಿಡಿಯೊ, ಯಾವ ನಿಯಮ, ಈಗ ನಿಮ್ಮ ಮೇಲೆ ಎಷ್ಟು ಸ್ಟ್ರೈಕ್ ಇವೆ ಎಂಬುದೆಲ್ಲ ಅಲ್ಲಿಂದಲೇ ಸಿಗುತ್ತದೆ. ಇಮೇಲ್ ಕೂಡ ಬಂದಿರುತ್ತದೆ, ಆದರೆ ಯೂಟ್ಯೂಬ್ ಹೆಸರಿನಲ್ಲಿ ಬರುವ ಮೋಸದ ಇಮೇಲ್‌ಗಳು ಬೇಕಾದಷ್ಟಿವೆ. ‘ಸ್ಟ್ರೈಕ್ ತೆಗೆಯಲು ಇಲ್ಲಿ ಲಾಗಿನ್ ಆಗಿ’ ಎಂಬ ಲಿಂಕ್ ಒತ್ತಿ ಚಾನೆಲ್ಲನ್ನೇ ಕಳೆದುಕೊಂಡವರಿದ್ದಾರೆ. ಇಮೇಲ್‌ನ ಲಿಂಕ್ ಬಿಟ್ಟು, ನೀವೇ ಸ್ಟುಡಿಯೊ ತೆರೆದು ನೋಡಿ. ನಿಜವಾದ ಸ್ಟ್ರೈಕ್ ಆಗಿದ್ದರೆ ಅಲ್ಲಿ ಇದ್ದೇ ಇರುತ್ತದೆ.

ಈಗ ಆ ಒಂದು ವಾರದ ವಿಷಯ. ವಿಡಿಯೊ ಅಪ್‌ಲೋಡ್ ಮಾಡುವಂತಿಲ್ಲ, ಶಾರ್ಟ್ಸ್ ಕೂಡ ವಿಡಿಯೊವೇ. ಲೈವ್ ಹೋಗುವಂತಿಲ್ಲ, ಮೊದಲೇ ಶೆಡ್ಯೂಲ್ ಮಾಡಿದ್ದ ಲೈವ್ ಆದರೂ ಶುರು ಮಾಡುವಂತಿಲ್ಲ. ಪ್ರೀಮಿಯರ್ ಇಡಲು, ವಿಡಿಯೊ ಮುಂದೆ ಪಬ್ಲಿಕ್ ಆಗುವಂತೆ ಶೆಡ್ಯೂಲ್ ಮಾಡಲು, ಕಸ್ಟಮ್ ಥಂಬ್‌ನೇಲ್ ಹಾಕಲು, ಪೋಸ್ಟ್ ಬರೆಯಲು ಆಗುವುದಿಲ್ಲ. ಪ್ಲೇಲಿಸ್ಟ್ ಹೊಸದಾಗಿ ಮಾಡುವುದು, ಇದ್ದದ್ದನ್ನು ತಿದ್ದುವುದು ಕೂಡ ನಿಲ್ಲುತ್ತದೆ. ಇದನ್ನು ಯಾರೂ ನಿರೀಕ್ಷಿಸಿರುವುದಿಲ್ಲ, ವಿಡಿಯೊ ಕೆಳಗಿನ Save ಬಟನ್‌ನಿಂದ ಪ್ಲೇಲಿಸ್ಟ್‌ಗೆ ಸೇರಿಸಲು ಹೋಗಿ ಆಗದಿದ್ದಾಗ ‘ಆ್ಯಪ್ ಹಾಳಾಗಿದೆ’ ಎಂದುಕೊಳ್ಳುತ್ತಾರೆ. ಹಾಳಾಗಿಲ್ಲ, ಅದೂ ನಿರ್ಬಂಧದ ಭಾಗವೇ.

ಶುಕ್ರವಾರಕ್ಕೆಂದು ಇಟ್ಟ ರಿವ್ಯೂ ಆ ದಿನ ಪ್ರಕಟವಾಗುವುದಿಲ್ಲ. ನಿರ್ಬಂಧದ ಅವಧಿಯೊಳಗೆ ಬರುವ ಶೆಡ್ಯೂಲ್‌ಗಳೆಲ್ಲ ಪ್ರೈವೇಟ್ ಆಗಿಬಿಡುತ್ತವೆ. ವಿಡಿಯೊ ಅಳಿದುಹೋಗುವುದಿಲ್ಲ, ಆದರೆ ವಾರ ಮುಗಿದ ಮೇಲೆ ತಾನಾಗಿ ಹೊರಗೂ ಬರುವುದಿಲ್ಲ. ಜೂನ್ 9ರ ನಂತರ ನೀವೇ ಸ್ಟುಡಿಯೊದ Content ಪುಟಕ್ಕೆ ಹೋಗಿ ಮತ್ತೆ ಶೆಡ್ಯೂಲ್ ಮಾಡಬೇಕು ಅಥವಾ ನೇರ ಪಬ್ಲಿಕ್ ಮಾಡಬೇಕು. ಸಿನಿಮಾ ರಿವ್ಯೂಗೆ ಮೊದಲ ಮೂರು ದಿನವೇ ಮಾರುಕಟ್ಟೆ, ಸೋಮವಾರ ಮೇಲೆ ಹಾಕಿದ ರಿವ್ಯೂ ಯಾರು ನೋಡುತ್ತಾರೆ ಎಂಬ ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಈ ವಾರ ಕೈಬಿಟ್ಟಂತೆಯೇ.

ನಿಲ್ಲದೆ ಇರುವುದು ಯಾವುದು ಎಂಬುದೂ ಮುಖ್ಯ. ನಿಮ್ಮ ಹಳೆಯ ವಿಡಿಯೊಗಳು ಎಂದಿನಂತೆ ಕಾಣುತ್ತವೆ, ವ್ಯೂಸ್ ಬರುತ್ತದೆ, ಸಬ್‌ಸ್ಕ್ರೈಬರ್‌ಗಳು ಸೇರುತ್ತಾರೆ. ಹಳೆಯ ವಿಡಿಯೊಗಳ ಡಿಸ್ಕ್ರಿಪ್ಶನ್ ತಿದ್ದುವುದು ಈ ನಿರ್ಬಂಧದ ಪಟ್ಟಿಯಲ್ಲಿ ಇಲ್ಲ. ಈ ವಾರವನ್ನು ನೀವು ಬಳಸಿಕೊಳ್ಳಬೇಕಾದ್ದು ಅದಕ್ಕೇ, ಅದರ ವಿವರ ಕೆಳಗಿದೆ.

ವಿಡಿಯೊದಲ್ಲಿ ಏನೂ ಇಲ್ಲ, ಲಿಂಕ್ ಅಷ್ಟೇ ಎಂದಿದ್ದೀರಿ. ಯೂಟ್ಯೂಬ್‌ಗೆ ಆ ಲಿಂಕೇ ವಿಷಯ. ಹೊರಗಿನ ಲಿಂಕ್‌ಗಳಿಗೆಂದೇ ಅವರ ಒಂದು ನಿಯಮವಿದೆ. ದುಡ್ಡು ಕೊಟ್ಟು ನೋಡಬೇಕಾದ ಸಿನಿಮಾ, ಹಾಡು, ಆಟ, ಸಾಫ್ಟ್‌ವೇರ್‌ಗಳನ್ನು ಅನುಮತಿಯಿಲ್ಲದೆ ಬಿಟ್ಟಿಯಾಗಿ ಕೊಡುವ ಜಾಗಕ್ಕೆ ನೋಡುಗರನ್ನು ಕಳಿಸುವಂತಿಲ್ಲ. ಕ್ಲಿಕ್ ಆಗುವ ಲಿಂಕ್ ಆಗಿರಬೇಕೆಂದೇನೂ ಇಲ್ಲ. ವಿಳಾಸವನ್ನು ಅಕ್ಷರವಾಗಿ ಬರೆದು ತೋರಿಸಿದರೂ, ‘ಟೆಲಿಗ್ರಾಂನಲ್ಲಿ ಈ ಹೆಸರು ಹುಡುಕಿ’ ಎಂದು ವಿಡಿಯೊದಲ್ಲಿ ಬಾಯಲ್ಲಿ ಹೇಳಿದರೂ ಅದೇ ನಿಯಮ. `.com` ಬದಲು ‘ಡಾಟ್ ಕಾಮ್’ ಎಂದು ಒಡೆದು ಬರೆಯುವ ಉಪಾಯವೂ ಉಳಿಸುವುದಿಲ್ಲ.

ಇದನ್ನು ಕಾಪಿರೈಟ್ ಸ್ಟ್ರೈಕ್ ಜೊತೆ ಕಲಸಬೇಡಿ. ಸಿನಿಮಾದ ತುಣುಕನ್ನು ನಿಮ್ಮ ವಿಡಿಯೊದೊಳಗೆ ಹಾಕಿಕೊಂಡು, ಹಕ್ಕುದಾರರು ಕಾನೂನು ಪ್ರಕಾರ ತೆಗೆಸಿದರೆ ಬರುವುದು ಕಾಪಿರೈಟ್ ಸ್ಟ್ರೈಕ್. ಅದರ ಎಣಿಕೆ ಬೇರೆ, ಬಿಡಿಸಿಕೊಳ್ಳುವ ದಾರಿ ಬೇರೆ. ಎರಡು ಕಾಪಿರೈಟ್, ಒಂದು ಕಮ್ಯುನಿಟಿ ಗೈಡ್‌ಲೈನ್ಸ್ ಸೇರಿ ಮೂರು ಆಗುವುದಿಲ್ಲ. ಹಾಡಿನ ತುಣುಕಿಗೆ ಬರುವ ಕಂಟೆಂಟ್ ಐಡಿ ಕ್ಲೇಮ್ ಅಂತೂ ಸ್ಟ್ರೈಕೇ ಅಲ್ಲ. ವಿಡಿಯೊಗೆ ವಯಸ್ಸಿನ ಮಿತಿ ಹಾಕಿದರೆ ಅದೂ ಸ್ಟ್ರೈಕ್ ಅಲ್ಲ.

ಮಾರ್ಚ್‌ನ ಆ ವಾರ್ನಿಂಗ್ ಕಡೆಗೆ ಬರೋಣ, ಏಕೆಂದರೆ ನಿಮ್ಮ ಮುಂದಿನ ದಿನಗಳ ಮೇಲೂ ಅದರ ನೆರಳಿದೆ. ಸಾಮಾನ್ಯವಾಗಿ ಚಾನೆಲ್‌ನ ಮೊದಲ ಉಲ್ಲಂಘನೆಗೆ ವಾರ್ನಿಂಗ್ ಮಾತ್ರ ಕೊಡುತ್ತಾರೆ, ಯಾವ ನಿರ್ಬಂಧವೂ ಇರುವುದಿಲ್ಲ. ಅದಕ್ಕೇ ಜನ ಅದನ್ನು ಓದುವುದೂ ಇಲ್ಲ. ತೀರಾ ಗಂಭೀರ ವಿಷಯವಾದರೆ ವಾರ್ನಿಂಗ್ ಇಲ್ಲದೆ ಚಾನೆಲ್ಲನ್ನೇ ತೆಗೆಯಬಹುದು, ಅದು ಬೇರೆ ಮಾತು. ವಾರ್ನಿಂಗ್‌ಗೆ ಸ್ಟ್ರೈಕ್‌ನ ಹಾಗೆ 90 ದಿನದ ಸಹಜ ಆಯುಸ್ಸಿಲ್ಲ. ಸುಮ್ಮನೆ ಬಿಟ್ಟರೆ ಅದು ಚಾನೆಲ್ ಮೇಲೆ ಉಳಿದೇ ಇರುತ್ತದೆ. 2023ರಿಂದ ಒಂದು ದಾರಿ ಕೊಟ್ಟಿದ್ದಾರೆ: ನೀವು ಮೀರಿದ ನಿಯಮದ ಬಗ್ಗೆ ಒಂದು ಚಿಕ್ಕ ಆನ್‌ಲೈನ್ ತರಬೇತಿ ಮುಗಿಸಿದರೆ, ಅಲ್ಲಿಂದ 90 ದಿನಕ್ಕೆ ವಾರ್ನಿಂಗ್ ಹೋಗುತ್ತದೆ. ಈ 90 ದಿನ ಎಣಿಸುವುದು ತರಬೇತಿ ಮುಗಿಸಿದ ದಿನದಿಂದ, ವಾರ್ನಿಂಗ್ ಬಂದ ದಿನದಿಂದ ಅಲ್ಲ. ಆ ನಡುವೆ ಅದೇ ನಿಯಮವನ್ನು ಮತ್ತೆ ಮೀರಿದರೆ ವಾರ್ನಿಂಗ್ ಹೋಗುವುದಿಲ್ಲ, ಮೇಲೆ ಸ್ಟ್ರೈಕ್ ಬರುತ್ತದೆ. ಬೇರೆ ನಿಯಮ ಮೀರಿದ್ದರೆ ಸ್ಟ್ರೈಕ್ ಬದಲು ಇನ್ನೊಂದು ವಾರ್ನಿಂಗ್ ಬರುತ್ತದೆ.

ನೀವು ಮಾರ್ಚ್ 12ಕ್ಕೆ ತರಬೇತಿ ಮುಗಿಸಿದ್ದರೂ 90 ದಿನ ಆಗುತ್ತಿದ್ದದ್ದು ಜೂನ್ 10ಕ್ಕೆ. ಮಾರ್ಚ್‌ನದೂ ಲಿಂಕಿನ ವಿಷಯವೇ ಆಗಿದ್ದರೆ ಜೂನ್ 2ರ ಸ್ಟ್ರೈಕ್ ತಪ್ಪುತ್ತಿರಲಿಲ್ಲ. ಬೇರೆ ನಿಯಮದ್ದಾಗಿದ್ದರೆ ಮಾತ್ರ ತಪ್ಪುತ್ತಿತ್ತು. ಆದ್ದರಿಂದ ಮಾರ್ಚ್‌ನ ಇಮೇಲ್ ಹುಡುಕಿ, ಅದರಲ್ಲಿ ನಿಯಮದ ಹೆಸರು ಏನಿದೆ ನೋಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಒಂದು ಸಂಗತಿ ಹೆಚ್ಚುಕಡಿಮೆ ಖಚಿತ: ಆ ಲಿಂಕ್ ನಿಮ್ಮ ಒಂದೇ ವಿಡಿಯೊದಲ್ಲಿ ಇಲ್ಲ.

ಇಂಥ ಚಾನೆಲ್‌ಗಳಲ್ಲಿ ಎರಡನೆಯ, ಮೂರನೆಯ ಸ್ಟ್ರೈಕ್ ಹೊಸ ವಿಡಿಯೊದಿಂದಷ್ಟೇ ಅಲ್ಲ, ಹಳೆಯದರಿಂದಲೂ ಬರಬಹುದು. ಸ್ಟುಡಿಯೊದ Settings ಒಳಗೆ Upload defaults ಎಂದು ಇರುತ್ತದೆ. ಅಲ್ಲಿ ಒಮ್ಮೆ ಡಿಸ್ಕ್ರಿಪ್ಶನ್ ಬರೆದಿಟ್ಟರೆ ಮುಂದೆ ಬ್ರೌಸರ್‌ನಿಂದ ಹಾಕುವ ಪ್ರತಿ ವಿಡಿಯೊಗೂ ಅದು ತಾನಾಗಿ ಸೇರುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ವಿಳಾಸದ ಜೊತೆ ಟೆಲಿಗ್ರಾಂ ಲಿಂಕನ್ನೂ ಅಲ್ಲಿ ಸೇರಿಸಿದ್ದರೆ, ಅಂದಿನಿಂದ ಹಾಗೆ ಹಾಕಿದ ನೂರು ವಿಡಿಯೊಗಳಲ್ಲಿ ನೂರರಲ್ಲೂ ಅದು ಕೂತಿರುತ್ತದೆ. ನಿಯಮ ಹಳೆಯ ವಿಡಿಯೊಗೂ ಅನ್ವಯಿಸುತ್ತದೆ, ಹಾಗಾಗಿ ಒಂದೂ ಹೊಸ ವಿಡಿಯೊ ಹಾಕದೆ ಕೂತಿದ್ದರೂ ಮತ್ತೊಂದು ಸ್ಟ್ರೈಕ್ ಬರಬಹುದು.

ಈ ವಾರದ ಕೆಲಸ ಹೀಗೆ. ಮೊದಲು Upload defaults ತೆರೆದು ಅಲ್ಲಿಂದ ಲಿಂಕ್ ತೆಗೆದು ಉಳಿಸಿ. ಇದು ಮುಂದಿನ ವಿಡಿಯೊಗಳನ್ನು ಮಾತ್ರ ಸರಿಪಡಿಸುತ್ತದೆ, ಹಿಂದಿನದನ್ನು ಮುಟ್ಟುವುದಿಲ್ಲ. ಬಳಿಕ Content ಪುಟದಲ್ಲಿ ಫಿಲ್ಟರ್ ಒತ್ತಿ Description ಆರಿಸಿ, ಲಿಂಕಿನ ಒಂದು ತುಂಡನ್ನು ಹಾಕಿ ಹುಡುಕಿ. ಟೆಲಿಗ್ರಾಂ ಲಿಂಕ್ ಆದರೆ `t.me` ಸಾಕು. ಬಂದ ವಿಡಿಯೊಗಳನ್ನೆಲ್ಲ ಆಯ್ದು Edit ಒತ್ತಿ, Description ಆರಿಸಿದರೆ Find and replace ಎಂಬ ಆಯ್ಕೆ ಸಿಗುತ್ತದೆ. ಹುಡುಕುವ ಜಾಗದಲ್ಲಿ ಪೂರ್ತಿ ಲಿಂಕನ್ನು, ಆಮೇಲೆ ಇನ್ನೊಮ್ಮೆ ‘ಫುಲ್ ಮೂವಿ ಇಲ್ಲಿದೆ’ ಎಂಬ ಸಾಲನ್ನು ಹಾಕಿ ತೆಗೆಯಿರಿ. ಲಿಂಕ್ ಹೋಗಿ ಆ ಸಾಲು ಉಳಿದರೆ ನೋಡಿದವರಿಗೆ ಅನುಮಾನ ಹಾಗೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಅದೇ ಫಿಲ್ಟರ್ ಮತ್ತೆ ಹಾಕಿ ನೋಡಿ, ಏನೂ ಬರಬಾರದು.

ಅಷ್ಟಕ್ಕೇ ಮುಗಿಯಲಿಲ್ಲ. ಫಿಲ್ಟರ್‌ಗೆ ಸಿಗದ ಜಾಗಗಳಿವೆ. ವಿಡಿಯೊ ಕೆಳಗೆ ನೀವು ಪಿನ್ ಮಾಡಿದ ಕಾಮೆಂಟ್, ಚಾನೆಲ್ ಪುಟದ ಪರಿಚಯದಲ್ಲಿರುವ ಲಿಂಕ್, ಹಳೆಯ ಪೋಸ್ಟ್‌ಗಳು, ಪ್ಲೇಲಿಸ್ಟ್‌ನ ವಿವರಣೆ, ಥಂಬ್‌ನೇಲ್ ಮೇಲೆ ಬರೆದ ಅಕ್ಷರ. ಇವನ್ನು ಕೈಯಾರೆ ನೋಡಬೇಕು. ಇವುಗಳಲ್ಲಿ ಪ್ಲೇಲಿಸ್ಟ್ ತಿದ್ದಲು ಮತ್ತು ಹೊಸ ಥಂಬ್‌ನೇಲ್ ಹಾಕಲು ನಿರ್ಬಂಧ ಮುಗಿಯುವವರೆಗೆ ಆಗದು, ಅವನ್ನು ಜೂನ್ 9ರ ಪಟ್ಟಿಗೆ ಬರೆದಿಟ್ಟುಕೊಳ್ಳಿ. ಇನ್ನೊಂದು ಜಾಗ ಚಿಕ್ಕ ಲಿಂಕ್‌ಗಳು. `bit.ly` ಥರದವು ಎಲ್ಲಿಗೆ ಹೋಗುತ್ತವೆ ಎಂದು ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಎರಡು ವರ್ಷದ ಹಿಂದೆ ಯಾವುದೋ ಒಳ್ಳೆಯ ಪುಟಕ್ಕೆ ಹೋಗುತ್ತಿದ್ದ ಲಿಂಕ್, ಆ ವೆಬ್‌ಸೈಟ್ ಬೇರೆಯವರ ಪಾಲಾಗಿ ಈಗ ಜೂಜಿನ ಪುಟಕ್ಕೋ ವೈರಸ್ ಇಳಿಸುವ ಪುಟಕ್ಕೋ ಹೋಗುತ್ತಿರಬಹುದು. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಂದೊಂದನ್ನೇ ತೆರೆದು ನೋಡಿ, ಖಚಿತವಿಲ್ಲದ್ದನ್ನು ಕಿತ್ತುಹಾಕಿ.

ಹಾಗಾದರೆ ಎಲ್ಲವನ್ನೂ ಪ್ರೈವೇಟ್ ಮಾಡಿಬಿಟ್ಟರೆ ಆಗದೇ ಎಂದು ಕೇಳುತ್ತೀರಿ. ಪ್ರೈವೇಟ್, ಅನ್‌ಲಿಸ್ಟೆಡ್ ವಿಡಿಯೊಗಳಿಗೂ ಇದೇ ನಿಯಮಗಳು ಅನ್ವಯಿಸುತ್ತವೆ, ಬಚ್ಚಿಟ್ಟರೆ ರಕ್ಷಣೆ ಇಲ್ಲ. ಜೊತೆಗೆ ನಿಮಗೆ ಮಾನಿಟೈಸೇಶನ್ ಬೇಕಾಗಿದೆ. ಅದಕ್ಕೆ ಎಣಿಸುವ ವೀಕ್ಷಣೆ ಗಂಟೆಗಳಲ್ಲಿ ಪಬ್ಲಿಕ್ ವಿಡಿಯೊಗಳ ಗಂಟೆ ಮಾತ್ರ ಸೇರುತ್ತದೆ. ಪ್ರೈವೇಟ್ ಮಾಡಿದರೂ ಅಳಿಸಿದರೂ ಆ ಗಂಟೆಗಳು ಲೆಕ್ಕದಿಂದ ಹೋಗುತ್ತವೆ. ತಪ್ಪು ಡಿಸ್ಕ್ರಿಪ್ಶನ್‌ನಲ್ಲಿ ಮಾತ್ರ ಇದ್ದರೆ ಡಿಸ್ಕ್ರಿಪ್ಶನ್ ತಿದ್ದಿ, ವಿಡಿಯೊ ಉಳಿಸಿಕೊಳ್ಳಿ. ‘ಟೆಲಿಗ್ರಾಂಗೆ ಬನ್ನಿ, ಪೂರ್ತಿ ಸಿನಿಮಾ ಇದೆ’ ಎಂದು ನೀವೇ ಮಾತಾಡಿರುವ ವಿಡಿಯೊ ಇದ್ದರೆ ಅದನ್ನು ಮಾತ್ರ ಡಿಲೀಟ್ ಮಾಡುವುದು ವಿವೇಕ. ಅಳಿಸಿದ ವಿಡಿಯೊ ಮೇಲೂ ಕೆಲವೊಮ್ಮೆ ಸ್ಟ್ರೈಕ್ ಹಾಕುವ ಅಧಿಕಾರವನ್ನು ಅವರು ಉಳಿಸಿಕೊಂಡಿದ್ದಾರೆ, ಆದರೂ ಬಿಟ್ಟುಕೊಂಡಿರುವುದಕ್ಕಿಂತ ತೆಗೆಯುವುದು ಮೇಲು.

ಇಷ್ಟು ಹೇಳಿದ ಮೇಲೆ, ಮೇಲ್ಮನವಿ ಹಾಕಬೇಕೇ ಎಂಬ ಪ್ರಶ್ನೆ. Channel violations ಕಾರ್ಡ್‌ನಲ್ಲಿ Appeal ಎಂಬ ಬಟನ್ ಇರುತ್ತದೆ. ಒಂದು ಸ್ಟ್ರೈಕ್‌ಗೆ ಒಂದೇ ಸಲ ಮೇಲ್ಮನವಿ. ಫಲ ಮೂರು ಬಗೆ: ತೀರ್ಮಾನ ತಪ್ಪೆಂದು ಕಂಡರೆ ವಿಡಿಯೊ ಮರಳುತ್ತದೆ, ಸ್ಟ್ರೈಕ್ ಹೋಗುತ್ತದೆ. ಕೆಲವೊಮ್ಮೆ ವಿಡಿಯೊ ಮರಳಿಸಿ ವಯಸ್ಸಿನ ಮಿತಿ ಹಾಕುತ್ತಾರೆ, ಆಗಲೂ ಸ್ಟ್ರೈಕ್ ಉಳಿಯುವುದಿಲ್ಲ. ಇಲ್ಲವಾದರೆ ಎಲ್ಲ ಇದ್ದ ಹಾಗೇ. ಸೋತ ಮಾತ್ರಕ್ಕೆ ಶಿಕ್ಷೆ ಹೆಚ್ಚಾಗುವುದಿಲ್ಲ, ಆದರೆ ಅದೇ ಸ್ಟ್ರೈಕ್‌ಗೆ ಮತ್ತೆ ಕೇಳುವ ಹಾಗಿಲ್ಲ.

ನಿಮ್ಮ ಪ್ರಕರಣದಲ್ಲಿ ಲಿಂಕ್ ನಿಜವಾಗಿ ಪೈರೇಟೆಡ್ ಸಿನಿಮಾ ಇರುವ ಟೆಲಿಗ್ರಾಂ ಗುಂಪಿಗೆ ಹೋಗುತ್ತಿದ್ದರೆ ಗೆಲ್ಲುವ ಆಸೆ ಇಟ್ಟುಕೊಳ್ಳಬೇಡಿ. ‘ಗೊತ್ತಿರಲಿಲ್ಲ’, ‘ಎಲ್ಲರೂ ಹಾಕುತ್ತಾರೆ’, ‘ಬಡ ಕ್ರಿಯೇಟರ್’, ‘ಲಿಂಕ್ ಈಗ ತೆಗೆದಿದ್ದೇನೆ’, ಇವು ಯಾವುವೂ ಮೇಲ್ಮನವಿಗೆ ಕಾರಣಗಳಲ್ಲ. ಅಲ್ಲಿ ಪರಿಶೀಲಿಸುವುದು ಒಂದೇ: ವಿಡಿಯೊ ಹಾಕಿದ ಸ್ಥಿತಿಯಲ್ಲಿ ನಿಯಮ ಮೀರಿತ್ತೇ, ಇಲ್ಲವೇ. ಆದರೆ ಆ ಲಿಂಕ್ ನಿಮ್ಮದೇ ಚರ್ಚೆಯ ಗುಂಪಿಗೆ ಹೋಗಿ, ಅಲ್ಲಿ ಅಧಿಕೃತ ಒಟಿಟಿ ವಿಳಾಸ ಮಾತ್ರ ಇತ್ತು ಎಂದಾದರೆ ಖಂಡಿತ ಹಾಕಿ. ಬರೆಯುವ ಧಾಟಿ ಹೀಗಿರಲಿ: ‘ಡಿಸ್ಕ್ರಿಪ್ಶನ್‌ನ ಎರಡನೇ ಸಾಲಿನ ಲಿಂಕ್ ನನ್ನ ಚಾನೆಲ್‌ನ ಚರ್ಚಾ ಗುಂಪಿನದು. ಆ ಗುಂಪಿನಲ್ಲಿ ಸಿನಿಮಾ ಫೈಲ್ ಇಲ್ಲ. “ಫುಲ್ ಮೂವಿ” ಎಂಬ ಮಾತು ಸೂಚಿಸುವುದು ಅಲ್ಲಿ ಪಿನ್ ಮಾಡಿರುವ ಅಧಿಕೃತ ಒಟಿಟಿ ಪುಟವನ್ನು.’ ಇಷ್ಟೇ ಸಾಕು. ಯಾವ ಸಾಲು, ಅಲ್ಲಿ ಏನಿದೆ, ಯಾಕೆ ಅದು ನಿಯಮದೊಳಗೆ ಬರುತ್ತದೆ ಎಂಬುದು ಎದ್ದು ಕಾಣಬೇಕು. ಗುಂಪಿನಲ್ಲಿ ಸದಸ್ಯರು ಯಾರೋ ಸಿನಿಮಾ ಫೈಲ್ ಹಾಕಿದ್ದಾರೆಯೇ ಎಂದು ಬರೆಯುವ ಮೊದಲು ಪೂರ್ತಿ ಮೇಲಿನವರೆಗೂ ಸರಿಸಿ ನೋಡಿ. ಹೆಚ್ಚಿನ ಸಲ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಇನ್ನು ಮುಂದಿನ 90 ದಿನದ ಹಾದಿ. ಆಗಸ್ಟ್ 31ರೊಳಗೆ ಎರಡನೇ ಸ್ಟ್ರೈಕ್ ಬಂದರೆ ನಿರ್ಬಂಧ ಎರಡು ವಾರವಾಗುತ್ತದೆ. ಉದಾಹರಣೆಗೆ ಜುಲೈ 10ಕ್ಕೆ ಬಂತೆಂದುಕೊಳ್ಳಿ. ಜುಲೈ 24ರವರೆಗೆ ಏನೂ ಹಾಕುವಂತಿಲ್ಲ. ಆ ಸ್ಟ್ರೈಕ್‌ನ ಸ್ವಂತ 90 ದಿನ ಮುಗಿಯುವುದು ಅಕ್ಟೋಬರ್ 8ಕ್ಕೆ. ಎರಡನೆಯದು ಬಂತೆಂದು ಮೊದಲನೆಯದರ ಆಯುಸ್ಸು ಬೆಳೆಯುವುದಿಲ್ಲ, ಅದು ಆಗಸ್ಟ್ 31ಕ್ಕೇ ಹೋಗುತ್ತದೆ. ಪ್ರತಿಯೊಂದಕ್ಕೂ ಅದರದರ ದಿನಾಂಕ.

ಅಪಾಯ ಇರುವುದು ಎರಡೂ ಜೊತೆಯಾಗಿ ಜೀವಂತ ಇರುವ ದಿನಗಳಲ್ಲಿ, ಅಂದರೆ ಈ ಉದಾಹರಣೆಯಲ್ಲಿ ಜುಲೈ 10ರಿಂದ ಆಗಸ್ಟ್ 31ರವರೆಗೆ. ಆ ನಡುವೆ, ಆಗಸ್ಟ್ 20ಕ್ಕೆ ಎನ್ನಿ, ಮೂರನೆಯದು ಬಂದರೆ ಚಾನೆಲ್ ಶಾಶ್ವತವಾಗಿ ಹೋಗುತ್ತದೆ, ವಿಡಿಯೊಗಳೂ ಸಬ್‌ಸ್ಕ್ರೈಬರ್‌ಗಳೂ ಜೊತೆಗೇ. ಅದೇ ತಪ್ಪು ಸೆಪ್ಟೆಂಬರ್ 5ಕ್ಕೆ ಆದರೆ ಮೊದಲ ಸ್ಟ್ರೈಕ್ ಅಷ್ಟರಲ್ಲಿ ಮುಗಿದಿರುವುದರಿಂದ ಅದು ಎರಡನೆಯದಾಗಿ ಲೆಕ್ಕಕ್ಕೆ ಬರುತ್ತದೆ, ಎರಡು ವಾರದ ನಿರ್ಬಂಧಕ್ಕೆ ನಿಲ್ಲುತ್ತದೆ. ಎರಡು ವಾರದ ಅಂತರದಲ್ಲಿ ಶಿಕ್ಷೆ ಅಷ್ಟು ಬದಲಾಗುತ್ತದೆ. ಹಾಗಾಗಿ ಎಷ್ಟು ಸ್ಟ್ರೈಕ್ ಇವೆ ಎಂಬುದರ ಜೊತೆಗೆ ಯಾವುದು ಯಾವಾಗ ಮುಗಿಯುತ್ತದೆ ಎಂಬುದನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಸ್ಟ್ರೈಕ್‌ಗಳೆಲ್ಲ ಮುಗಿದ ಮೇಲೂ ನಿಮ್ಮ ಮಾರ್ಚ್‌ನ ವಾರ್ನಿಂಗ್ ಉಳಿದಿರುತ್ತದೆ ಎಂಬುದು ನೆನಪಿರಲಿ. ಮುಂದೆ ತಪ್ಪಾದರೆ ಇನ್ನೊಮ್ಮೆ ‘ಮೊದಲು ವಾರ್ನಿಂಗ್ ಕೊಡುತ್ತಾರೆ’ ಎಂಬ ರಿಯಾಯಿತಿ ಇಲ್ಲ, ನೇರ ಸ್ಟ್ರೈಕ್.

ತಮ್ಮನ ಚಾನೆಲ್ ವಿಷಯ: ಬೇಡ. ಒಂದು ಚಾನೆಲ್ ಮೇಲೆ ನಿರ್ಬಂಧ ಇರುವಾಗ ಬೇರೆ ಚಾನೆಲ್‌ನಿಂದ ಅದನ್ನು ತಪ್ಪಿಸಿಕೊಳ್ಳುವುದನ್ನು ಯೂಟ್ಯೂಬ್ ನಿಯಮದಿಂದ ನುಣುಚಿಕೊಳ್ಳುವ ಯತ್ನವೆಂದು ಎಣಿಸುತ್ತದೆ. ನಿಮ್ಮದೇ ಎರಡನೇ ಚಾನೆಲ್ ಆದರೂ, ಬೇರೆಯವರ ಚಾನೆಲ್ ಅನ್ನು ನೀವು ಬಳಸಿದರೂ ಅಷ್ಟೇ. ಇದಕ್ಕೆ ಸ್ಟ್ರೈಕ್‌ನ ಮೆಟ್ಟಿಲುಗಳಿಲ್ಲ, ಚಾನೆಲ್‌ಗಳನ್ನೇ ತೆಗೆದುಹಾಕಬಹುದು. ಒಂದು ವಾರದ ಒಂದು ರಿವ್ಯೂಗಾಗಿ ಇಬ್ಬರ ಚಾನೆಲ್ ಪಣಕ್ಕಿಡುವ ವ್ಯಾಪಾರ ಇದು. ತಮ್ಮ ತನ್ನ ಚಾನೆಲ್‌ನಲ್ಲಿ ತನ್ನ ವಿಡಿಯೊ ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ನಿಮ್ಮ ಮುಖ, ನಿಮ್ಮ ರಿವ್ಯೂ, ನಿಮ್ಮ ಲೋಗೊ ಅಲ್ಲಿಗೆ ಹೋಗಬಾರದು. ಶುಕ್ರವಾರದ ರಿವ್ಯೂವನ್ನು ಇನ್‌ಸ್ಟಾಗ್ರಾಂನಲ್ಲೋ ಫೇಸ್‌ಬುಕ್‌ನಲ್ಲೋ ಹಾಕಿದರೆ ಯೂಟ್ಯೂಬ್‌ನ ತಕರಾರಿಲ್ಲ.

ಕೊನೆಯದಾಗಿ ಮಾನಿಟೈಸೇಶನ್. ಪಾರ್ಟ್‌ನರ್ ಪ್ರೋಗ್ರಾಂಗೆ ಅರ್ಜಿ ಹಾಕುವಾಗ ಚಾನೆಲ್ ಮೇಲೆ ಜೀವಂತ ಕಮ್ಯುನಿಟಿ ಗೈಡ್‌ಲೈನ್ಸ್ ಸ್ಟ್ರೈಕ್ ಇರಬಾರದು. ಅಂದರೆ 1,000 ಸಬ್‌ಸ್ಕ್ರೈಬರ್, 12 ತಿಂಗಳಲ್ಲಿ 4,000 ಗಂಟೆ ಎರಡೂ ಮುಟ್ಟಿದ್ದರೂ ಆಗಸ್ಟ್ 31ರವರೆಗೆ ಕಾಯಬೇಕು, ಮೇಲ್ಮನವಿಯಲ್ಲಿ ಗೆದ್ದರೆ ಮಾತ್ರ ಬೇಗ. ಇಲ್ಲಿ ಒಂದು ಸೂಕ್ಷ್ಮವಿದೆ. 4,000 ಗಂಟೆಯನ್ನು ಎಣಿಸುವುದು ಹಿಂದಿನ 365 ದಿನದೊಳಗೆ. ನೀವು ಕಾಯುವ ಈ ಮೂರು ತಿಂಗಳಲ್ಲಿ ಕಳೆದ ವರ್ಷದ ಜೂನ್, ಜುಲೈ, ಆಗಸ್ಟ್‌ನ ಗಂಟೆಗಳು ಹಿಂದಿನಿಂದ ಒಂದೊಂದೇ ದಿನ ಉದುರಿಹೋಗುತ್ತವೆ. ಕಳೆದ ವರ್ಷ ಆ ತಿಂಗಳಲ್ಲಿ ನಿಮ್ಮ ಯಾವುದೋ ರಿವ್ಯೂ ಚೆನ್ನಾಗಿ ಓಡಿದ್ದರೆ ಸೆಪ್ಟೆಂಬರ್ ಹೊತ್ತಿಗೆ ಮೊತ್ತ 4,000ಕ್ಕಿಂತ ಕೆಳಗಿಳಿದಿರಬಹುದು. ಸ್ಟುಡಿಯೊದ Analytics ಪುಟದಲ್ಲಿ ಕಳೆದ ವರ್ಷದ ಆ ಮೂರು ತಿಂಗಳ ವೀಕ್ಷಣೆ ಗಂಟೆ ಎಷ್ಟಿತ್ತು ಎಂದು ಈಗಲೇ ನೋಡಿಕೊಳ್ಳಿ. ಅದರಲ್ಲಿ 700 ಗಂಟೆ ಇದ್ದರೆ, ಜೂನ್ 2ರಿಂದ ಆಗಸ್ಟ್ ಕೊನೆಯೊಳಗೆ ಹೊಸದಾಗಿ ಅಷ್ಟೇ ಗಂಟೆ ದುಡಿಯಬೇಕು, ಆಗಲೇ ಇದ್ದ ಜಾಗದಲ್ಲಿ ನಿಲ್ಲುತ್ತೀರಿ.